ನೂರು ಯೆನ್‌ಗೆ ಎಷ್ಟು ರೂಪಾಯಿ?

ನನ್ನ ಹಳೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಒಂದು ಲೆಕ್ಕ ಇದೆ. ಜಪಾನಿಗೆ ಓದಲು ಹೋಗುವ ಮೊದಲು, 2021ರ ಶುರುವಿನಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದದ್ದು. ‘100 ಯೆನ್ = 70 ರೂ. ತಿಂಗಳಿಗೆ 40,000 ಯೆನ್ ಉಳಿಸಿದರೆ ಮನೆಗೆ 28,000 ರೂ.’ ಅದರ ಕೆಳಗೆ ಎರಡು ಗೆರೆ ಎಳೆದು ಮುಗಿಸಿದ್ದೆ. ಯೆನ್ ಎಷ್ಟು ಉಳಿಯುತ್ತದೋ ಎಂಬ ಚಿಂತೆ ಆಗ ಇತ್ತು. 70 ಎಂಬ ಅಂಕಿಯ ಬಗ್ಗೆ ಚಿಂತೆಯೇ ಇರಲಿಲ್ಲ. ಅದೇನು ಕಿಲೋಮೀಟರಿಗೆ ಸಾವಿರ ಮೀಟರ್ ಅನ್ನುವ ಹಾಗೆ, ಬದಲಾಗದ್ದು ಅಂದುಕೊಂಡಿದ್ದೆ.

ಕೋವಿಡ್ ಕಾರಣಕ್ಕೆ ಮುಚ್ಚಿದ್ದ ಬಾಗಿಲನ್ನು ಜಪಾನು ವಿದೇಶಿ ವಿದ್ಯಾರ್ಥಿಗಳಿಗೆ ಮತ್ತೆ ತೆರೆದದ್ದು 2022ರ ಮಾರ್ಚಿನಲ್ಲಿ. ನಾನು ಕ್ಯೋಟೋಗೆ ಸ್ನಾತಕೋತ್ತರ ಓದಿಗೆ ಹೋಗಿ ಸೇರಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಅಷ್ಟರಲ್ಲಿ 100 ಯೆನ್‌ಗೆ 56 ರೂಪಾಯಿ ಆಗಿತ್ತು.

ಆಗ ನಮ್ಮ ಮನೆಯಲ್ಲಿ ಇದು ಹಬ್ಬ. ಅಲ್ಲಿನ ಹೆಚ್ಚಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ವರ್ಷದ ಫೀಸು ಆಗ 5,35,800 ಯೆನ್. 70ರ ಲೆಕ್ಕದಲ್ಲಿ ಅದು 3 ಲಕ್ಷ 75 ಸಾವಿರ ರೂಪಾಯಿ ಆಗಬೇಕಿತ್ತು. 56ರಲ್ಲಿ 3 ಲಕ್ಷಕ್ಕೆ ಮುಗಿಯಿತು. ವರ್ಷಕ್ಕೆ 75 ಸಾವಿರ ಉಳಿಯಿತು ಎಂದು ಅಮ್ಮ ದೇವರಿಗೆ ಕಾಯಿ ಒಡೆಸಿದರು. ನಾಳೆ ನಾನು ದುಡಿದು ಕಳಿಸುವಾಗ ಇದೇ ಇಳಿತ ನನ್ನ ಜೇಬಿಗೇ ಕೈ ಹಾಕುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಪ್ಪಯ್ಯನದು ಸಣ್ಣ ದಿನಸಿ ಅಂಗಡಿ. ಜೊತೆಗೆ ಒಂದೂವರೆ ಎಕರೆ ಅಡಿಕೆ ತೋಟ. ನನ್ನ ಓದಿಗಾಗಿ ಅವರು ಮನೆ ಅಡವಿಟ್ಟು ಬ್ಯಾಂಕಿನಲ್ಲಿ ಓಡಿ ಮಾಡಿಸಿದ್ದರು. ಓಡಿ ಅಂದರೆ ಓವರ್‌ಡ್ರಾಫ್ಟ್. ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ ದಿನದ ಲೆಕ್ಕದಲ್ಲಿ ಬಡ್ಡಿ. ಒಂದು ಸಾವಿರ ಕಟ್ಟಿದರೂ ಅವತ್ತಿನಿಂದಲೇ ಆ ಸಾವಿರದ ಬಡ್ಡಿ ನಿಲ್ಲುತ್ತದೆ. ಫೀಸು, ವಿಮಾನ, ಮೊದಲ ತಿಂಗಳುಗಳ ಖರ್ಚು ಎಲ್ಲಾ ಸೇರಿ ಬಾಕಿ ಸುಮಾರು 12 ಲಕ್ಷಕ್ಕೆ ಬಂದು ನಿಂತಿತು. ಬಡ್ಡಿ ನೂರಕ್ಕೆ 11. ಅಂದರೆ ತಿಂಗಳಿಗೆ 11,000 ರೂಪಾಯಿ ಬರೀ ಬಡ್ಡಿ. ಈ 11ನ್ನು ನೆನಪಿಡಿ. ನಾನು ಅದನ್ನು ಒಂದೂವರೆ ವರ್ಷ ಮರೆತಿದ್ದೆ.

ನನಗೆ ಕೆಲಸ ಸಿಕ್ಕಿದ್ದು ಕ್ಯೋಟೋ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು. ಕ್ಲಾಸು ನಡೆಯುವಾಗ ವಿದ್ಯಾರ್ಥಿಗಳು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಕ್ಯೋಟೋದಲ್ಲಿ ಆಗ ಗಂಟೆಗೆ ಕನಿಷ್ಠ ಕೂಲಿ 968 ಯೆನ್, ಮುಂದಿನ ವರ್ಷ 1,008 ಆಯಿತು. ರಾತ್ರಿ ಹತ್ತರ ಮೇಲೆ ದುಡಿದರೆ ಕಾಲು ಪಾಲು ಹೆಚ್ಚು. ಈ ಕೆಲಸ ಅಷ್ಟು ಸುಲಭವಾಗಿ ಸಿಗಲು ಕಾರಣವೂ ಯೆನ್ನೇ. 2022ರ ಅಕ್ಟೋಬರ್ 11ಕ್ಕೆ ಜಪಾನು ಪ್ರವಾಸಿಗರಿಗೆ ಪೂರ್ತಿ ತೆರೆದುಕೊಂಡಿತು. ಯೆನ್ ಅಗ್ಗವಾಗಿದ್ದರಿಂದ ಜನ ನುಗ್ಗಿ ಬಂದರು. ಅವರು ತಿಂದ ತಟ್ಟೆ ತೊಳೆಯಲು ಕೈಗಳು ಬೇಕಾಗಿದ್ದವು. ಬಿದ್ದ ಯೆನ್ ನನಗೆ ಕೆಲಸ ಕೊಟ್ಟಿತು, ಆ ಕೆಲಸದ ಸಂಬಳವನ್ನು ಊರಿಗೆ ಕಳಿಸುವಾಗ ಅದರ ಪಾಲು ಕಿತ್ತುಕೊಂಡಿತು.

ಮೊದಲ ಸಲ ಹಣ ಕಳಿಸಿದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ಯೆನ್ ಸ್ವಲ್ಪ ಚೇತರಿಸಿಕೊಂಡು 63 ರೂಪಾಯಿಗೆ ಬಂದಿತ್ತು. ಫೋನಿನಲ್ಲಿ ನೋಡಿದೆ, 40,000 ಯೆನ್ನಿಗೆ 25,200. ಅಪ್ಪಯ್ಯನಿಗೆ ಫೋನ್ ಮಾಡಿ ‘25 ಸಾವಿರ ಬರುತ್ತೆ’ ಅಂದೆ. ಮರುದಿನ ಸಂಬಳದ ಬ್ಯಾಂಕಿಗೇ ಹೋದೆ. ರೆಸಿಡೆನ್ಸ್ ಕಾರ್ಡು, ಮೈ ನಂಬರ್ ಎಂಬ ಅಲ್ಲಿನ ಆಧಾರ್‌ನಂಥ ಸಂಖ್ಯೆ, ಹಣ ಎಲ್ಲಿಂದ ಬಂತು, ಯಾರಿಗೆ, ಯಾಕೆ ಎಂಬ ಉದ್ದದ ಫಾರಮ್ಮು. ಮುಕ್ಕಾಲು ಗಂಟೆ ಆಯಿತು. ಐದು ದಿನ ಆದ ಮೇಲೆ ಅಪ್ಪಯ್ಯನ ಖಾತೆಗೆ ಬಂದದ್ದು 20,390 ರೂಪಾಯಿ.

‘ಮಾರಾಯ, ಐದು ಸಾವಿರ ಎಲ್ಲಿ ಹೋಯ್ತು?’ ಅಂದರು.

ಹುಡುಕಲು ಕೂತೆ. ಬ್ಯಾಂಕಿನ ಕಳಿಸುವ ಶುಲ್ಕ 4,000 ಯೆನ್. ನಡುವಿನ ಬ್ಯಾಂಕಿನದು ಎಂದು ಇನ್ನೊಂದು 2,500. ಇಲ್ಲಿಗೇ 6,500 ಹೋಯಿತು. ಉಳಿದದ್ದು 33,500 ಯೆನ್. ಅದನ್ನು ಭಾರತದ ಬ್ಯಾಂಕು ರೂಪಾಯಿ ಮಾಡಿದ್ದು 63ರಲ್ಲಿ ಅಲ್ಲ, 61ರಲ್ಲಿ. 20,435 ಆಯಿತು. ಅದರ ಮೇಲೆ ಹಣ ಬದಲಿಸಿದ ಸೇವೆಗೆ 45 ರೂಪಾಯಿ ಜಿಎಸ್‌ಟಿ. ಯಾರೂ ಮೋಸ ಮಾಡಿರಲಿಲ್ಲ. ಎಲ್ಲಾ ಫಾರಮ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು.

ಫೋನಿನಲ್ಲಿ ಕಾಣುವ ರೇಟು ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಕೋಟಿಗಟ್ಟಲೆ ಕೊಡು-ಕೊಳ್ಳುವಾಗಿನ ನಡುವಿನ ರೇಟು. ಅದು ನಮ್ಮಂಥವರಿಗೆ ಸಿಗುವುದಲ್ಲ. ನಮಗೆ ಕೊಡುವಾಗ ಪ್ರತಿಯೊಬ್ಬರೂ ಅದರಿಂದ ಸ್ವಲ್ಪ ಕೆರೆದುಕೊಂಡು ಕೊಡುತ್ತಾರೆ. ಇದನ್ನು ಹೇಳಿದಾಗ ಅಪ್ಪಯ್ಯನಿಗೆ ತಕ್ಷಣ ಅರ್ಥವಾಯಿತು. ಪೇಪರಿನಲ್ಲಿ ಬರುವ ಅಡಿಕೆ ಧಾರಣೆಯೇ ಬೇರೆ, ಮಂಡಿಯಲ್ಲಿ ದಲಾಲಿ, ಹಮಾಲಿ ಎಲ್ಲಾ ಕಳೆದು ಕೈಗೆ ಬರುವುದೇ ಬೇರೆ. ‘ಹಾಗಾದ್ರೆ ಬೇರೆ ಮಂಡಿ ನೋಡು’ ಅಂದರು.

ಬೇರೆ ಮಂಡಿ ಅಂದರೆ ಹಣ ರವಾನೆಯದ್ದೇ ಕೆಲಸ ಮಾಡುವ ಕಂಪನಿಗಳು. ನೋಂದಣಿ ಆದದ್ದನ್ನೇ ಹುಡುಕಿ ಮೂರು ಆ್ಯಪ್ ಹಾಕಿಕೊಂಡೆ. ಒಂದರಲ್ಲಿ ಶುಲ್ಕ 900 ಯೆನ್, ರೇಟು ನಡುವಿನ ರೇಟಿಗೆ ಹತ್ತಿರ. ಇನ್ನೊಂದು ‘ಶುಲ್ಕವೇ ಇಲ್ಲ’ ಎಂದು ದೊಡ್ಡದಾಗಿ ಬರೆದುಕೊಂಡಿತ್ತು. ಆದರೆ ಅದರ ರೇಟು ನೂರಕ್ಕೆ ಮೂರು ಕಡಿಮೆ. 40,000ಕ್ಕೆ ನೂರಕ್ಕೆ ಮೂರು ಅಂದರೆ 1,200 ಯೆನ್. ಶುಲ್ಕ ಇಲ್ಲದ್ದೇ ದುಬಾರಿ! ಅವತ್ತಿನಿಂದ ನಾನು ಶುಲ್ಕವನ್ನೂ ನೋಡಲಿಲ್ಲ, ರೇಟನ್ನೂ ನೋಡಲಿಲ್ಲ. ಮೂರೂ ಆ್ಯಪಿನಲ್ಲಿ 40,000 ಎಂದು ಹಾಕಿ, ಕೊನೆಗೆ ಎಷ್ಟು ರೂಪಾಯಿ ಎಂದು ತೋರಿಸುತ್ತದೋ ಅದೊಂದನ್ನೇ ಹೋಲಿಸಿದೆ. ಇನ್ನೊಂದು ಪಾಠ ಶುಕ್ರವಾರ ಸಂಜೆ ಕಲಿತದ್ದು. ನಾನು ಬಳಸಿದ ಆ್ಯಪಿನಲ್ಲಿ ರೇಟು ನಿಲ್ಲುವುದು ನಾನು ಬಟನ್ ಒತ್ತಿದಾಗ ಅಲ್ಲ, ನನ್ನ ದುಡ್ಡು ಅವರ ಖಾತೆಗೆ ತಲುಪಿದಾಗ. ಶುಕ್ರವಾರ ರಾತ್ರಿ ಹಾಕಿದ್ದು ಸೋಮವಾರದ ರೇಟಿಗೆ ಹೋಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಶುಲ್ಕ ಉಳಿಸಲು ಕಲಿತವನಿಗೆ ರೇಟನ್ನೂ ಗೆಲ್ಲುವ ಆಸೆ ಬಂತು. ದಿನಾ ಬೆಳಗ್ಗೆ ಎದ್ದ ಕೂಡಲೇ ರೇಟು ನೋಡುವ ಚಟ ಹತ್ತಿತು. ಜನವರಿಯ 63, ಜುಲೈ ಹೊತ್ತಿಗೆ 58, ನವೆಂಬರಿನಲ್ಲಿ 55. ಭಾರತದಲ್ಲಿ ಏನೋ ಆಗಿ ರೂಪಾಯಿ ಗಟ್ಟಿಯಾಗುತ್ತಿದೆ ಎಂದುಕೊಂಡೆ. ಊರಿನ ಸುದ್ದಿ, ಬಜೆಟ್ಟು, ಷೇರು ಪೇಟೆ ಎಲ್ಲಾ ಓದಿದೆ. ಏನೂ ತಾಳೆಯಾಗಲಿಲ್ಲ.

ದಾರಿ ತೋರಿಸಿದ್ದು ಪಕ್ಕದ ಲ್ಯಾಬಿನಲ್ಲಿದ್ದ ಹುಬ್ಬಳ್ಳಿಯ ಒಬ್ಬ ಅಣ್ಣ. ನನ್ನ ಫೋನು ನೋಡಿ ನಕ್ಕರು. ‘ತಮ್ಮಾ, ನೀ ತಪ್ಪು ಕಡೆ ನೋಡಾಕತ್ತೀಯ. ಯೆನ್ನಿಗೂ ರೂಪಾಯಿಗೂ ನೇರ ಸಂಬಂಧ ಭಾಳ ಕಡಿಮಿ. ನಡುವೆ ಡಾಲರ್ ಕುಂತೈತಿ.’

ಅವರು ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಡಾಲರಿಗೆ 83 ರೂಪಾಯಿ. ಒಂದು ಡಾಲರಿಗೆ 150 ಯೆನ್. 83ನ್ನು 150ರಿಂದ ಭಾಗಿಸಿದರೆ 0.553. ಅಂದರೆ 100 ಯೆನ್‌ಗೆ 55 ರೂಪಾಯಿ 30 ಪೈಸೆ. ಫೋನಿನಲ್ಲಿ ಕಾಣುವುದು ಹೆಚ್ಚುಕಡಿಮೆ ಈ ಭಾಗಾಕಾರದ ಉತ್ತರ. ಈಗ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಬೇರೆ ಬೇರೆ ನೋಡು ಅಂದರು.

ನೋಡಿದೆ. 2023ರ ಜನವರಿಯಲ್ಲಿ ಡಾಲರಿಗೆ ಎಂಬತ್ತೊಂದೂವರೆ ರೂಪಾಯಿ ಇತ್ತು, ವರ್ಷದ ಕೊನೆಗೆ 83 ಚಿಲ್ಲರೆ. ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ರೂಪಾಯಿ ಜಾರಿದಾಗ ರಿಸರ್ವ್ ಬ್ಯಾಂಕು ತನ್ನ ಡಾಲರ್ ಮಾರಿ ತಡೆಯುತ್ತದೆ, ಏರಿದಾಗ ಡಾಲರ್ ಕೊಂಡು ತಡೆಯುತ್ತದೆ. ಹಾಗಾಗಿ ಅದು ಅಷ್ಟಾಗಿ ಕುಣಿಯುವುದಿಲ್ಲ. ಆದರೆ ಯೆನ್ ಜನವರಿಯಲ್ಲಿ 128ಕ್ಕೆ ಬಂದಿದ್ದದ್ದು ನವೆಂಬರಿನಲ್ಲಿ 151ಕ್ಕೆ ಹೋಗಿತ್ತು. ಅಂದರೆ ಒಂದು ಡಾಲರ್ ಕೊಳ್ಳಲು ಇನ್ನೂ 23 ಯೆನ್ ಹೆಚ್ಚು ಬೇಕು. ಕುಣಿಯುತ್ತಿದ್ದದ್ದು ರೂಪಾಯಿ ಅಲ್ಲವೇ ಅಲ್ಲ. ನಾನು ನೋಡಬೇಕಾದ್ದು ಡಾಲರಿಗೆ ಎಷ್ಟು ಯೆನ್ ಎಂಬುದು, ತೆರೆಯ ಮೇಲೆ USD/JPY ಎಂದು ಕಾಣುವ ಅಂಕಿ.

ಅಡುಗೆಮನೆಯಲ್ಲಿ ನನ್ನ ಪಕ್ಕದ ಸಿಂಕಿನಲ್ಲಿ ಪೊಖರಾದ ಹುಡುಗನೊಬ್ಬ ಇದ್ದ. ಅವನೂ ಮನೆಗೆ ಕಳಿಸುವವನೇ. ಅವನ ರೇಟೂ ನನ್ನ ರೇಟೂ ಯಾವಾಗಲೂ ಒಟ್ಟಿಗೇ ಏರುತ್ತಿತ್ತು, ಒಟ್ಟಿಗೇ ಇಳಿಯುತ್ತಿತ್ತು. ಇದೇನಪ್ಪಾ ಎಂದು ನೋಡಿದರೆ, ನೇಪಾಳ 1993ರಿಂದ ತನ್ನ ರೂಪಾಯಿಯನ್ನು ನಮ್ಮ ರೂಪಾಯಿಗೆ ಕಟ್ಟಿಹಾಕಿದೆ. ನಮ್ಮ ಒಂದಕ್ಕೆ ಅವರದು 1 ರೂಪಾಯಿ 60 ಪೈಸೆ. ಹಾಗಾಗಿ ಇಬ್ಬರ ಅಳುವೂ ಒಂದೇ ದಿನ.

ಸರಿ, ಯೆನ್ ಯಾಕೆ ಬೀಳುತ್ತಿತ್ತು? ಕಾರಣ ಒಂದೇ ಅಲ್ಲ. ಜಪಾನು ಎಣ್ಣೆ, ಗ್ಯಾಸು ಹೆಚ್ಚುಕಡಿಮೆ ಎಲ್ಲಾ ಹೊರಗಿಂದ ತರುತ್ತದೆ, ಅದಕ್ಕೆ ಡಾಲರ್ ಬೇಕು. ಯುಕ್ರೇನ್ ಯುದ್ಧ ಶುರುವಾದ ನಂತರ ಎಣ್ಣೆ ಬೆಲೆ ಏರಿದಾಗ ಹೆಚ್ಚು ಯೆನ್ ಮಾರಿ ಡಾಲರ್ ಕೊಳ್ಳಬೇಕಾಯಿತು. ಆದರೆ ಆ ಕಾಲಕ್ಕೆ ದೊಡ್ಡ ಕಾರಣ ಬಡ್ಡಿ. ಅಮೆರಿಕ 2022ರ ಮಾರ್ಚಿನಿಂದ ಬಡ್ಡಿ ಏರಿಸುತ್ತಾ ಹೋಗಿ 2023ರ ಜುಲೈಗೆ ನೂರಕ್ಕೆ ಐದೂಕಾಲು, ಐದೂವರೆಯ ಮಟ್ಟಕ್ಕೆ ತಂದಿತು. ಜಪಾನಿನ ಕೇಂದ್ರ ಬ್ಯಾಂಕಿನ ದರ ಮಾತ್ರ 2016ರಿಂದ ಸೊನ್ನೆಗಿಂತಲೂ ಕೆಳಗೆ, ಮೈನಸ್ 0.1 ಇತ್ತು.

ಈಗ ನೀವು ಒಬ್ಬ ವ್ಯಾಪಾರಿ ಎಂದುಕೊಳ್ಳಿ. ಜಪಾನಿನಲ್ಲಿ ಹೆಚ್ಚುಕಡಿಮೆ ಬಡ್ಡಿಯೇ ಇಲ್ಲದೆ ಒಂದು ಕೋಟಿ ಯೆನ್ ಸಾಲ ತೆಗೆಯುತ್ತೀರಿ. ಅದನ್ನು 150ರ ರೇಟಿನಲ್ಲಿ ಮಾರಿದರೆ ಸುಮಾರು 66,667 ಡಾಲರ್ ಸಿಗುತ್ತದೆ. ಅಮೆರಿಕದಲ್ಲಿ ನೂರಕ್ಕೆ ಐದರಂತೆ ಇಟ್ಟರೆ ವರ್ಷದ ಕೊನೆಗೆ ಬಡ್ಡಿ ಸೇರಿ 70,000 ಡಾಲರ್. ರೇಟು ಇನ್ನೂ 150ರಲ್ಲೇ ಇದ್ದರೆ ವಾಪಸ್ ತಂದಾಗ ಒಂದು ಕೋಟಿ ಐದು ಲಕ್ಷ ಯೆನ್. ಸಾಲ ತೀರಿಸಿ ಐದು ಲಕ್ಷ ಸುಮ್ನೆ ಕೈಗೆ. ಇದಕ್ಕೆ ಕ್ಯಾರಿ ಟ್ರೇಡ್ ಎನ್ನುತ್ತಾರೆ. ಇದನ್ನು ಒಬ್ಬ ಮಾಡಿದರೆ ಏನೂ ಆಗುವುದಿಲ್ಲ. ಲೋಕದ ದೊಡ್ಡ ದೊಡ್ಡ ಹಣದವರೆಲ್ಲ ಮಾಡಿದರೆ, ಎಲ್ಲರೂ ಯೆನ್ ಮಾರುವವರೇ. ಮಾರುವವರು ಜಾಸ್ತಿಯಾದರೆ ಧಾರಣೆ ಬೀಳಲೇಬೇಕು. ಬಿದ್ದರೆ ಈ ವ್ಯಾಪಾರಿಗೆ ಇನ್ನೂ ಲಾಭ, ಯಾಕೆಂದರೆ ಅವನು ತೀರಿಸಬೇಕಾದ ಯೆನ್ ಅಗ್ಗವಾಯಿತು. ಹಾಗಾಗಿ ಇನ್ನೂ ಮಾರುತ್ತಾನೆ.

ಈ ಲೆಕ್ಕದಲ್ಲಿ ಒಂದು ಮುಳ್ಳು ಇದೆ. ವರ್ಷದೊಳಗೆ ರೇಟು 150ರಿಂದ 143ಕ್ಕೆ ಬಂದರೆ ಅವನ 70,000 ಡಾಲರಿಗೆ ಸಿಗುವುದು ಒಂದು ಕೋಟಿ ಯೆನ್ ಮಾತ್ರ. ವರ್ಷದ ಲಾಭ ಪೂರ್ತಿ ಮಾಯ. ಆ ಗೆರೆ ದಾಟಿದರೆ ನಷ್ಟ.

ಇದೆಲ್ಲ ತಿಳಿದ ಮೇಲೆ ನಾನು ದೊಡ್ಡ ಪಂಡಿತನಾದೆ. ಅಪಾಯ ಶುರುವಾಗಿದ್ದೇ ಅಲ್ಲಿ. 2024ರ ಮಾರ್ಚ್ 19ಕ್ಕೆ ಜಪಾನಿನ ಕೇಂದ್ರ ಬ್ಯಾಂಕು ಹದಿನೇಳು ವರ್ಷಗಳಲ್ಲಿ ಮೊದಲ ಸಲ ಬಡ್ಡಿ ಏರಿಸಿತು. ಮೈನಸ್ ಹೋಗಿ ಸೊನ್ನೆಯಿಂದ 0.1ರ ನಡುವೆ ಬಂತು. ಈಗ ಯೆನ್ ಏರುವುದು ಗ್ಯಾರಂಟಿ ಎಂದು ಪೊಖರಾದ ಹುಡುಗನಿಗೂ ಹೇಳಿದೆ. ಅವತ್ತು ಸಂಜೆ ನೋಡಿದರೆ ಯೆನ್ ಇನ್ನೂ ಬಿದ್ದಿತ್ತು. 149ರಲ್ಲಿದ್ದದ್ದು 150 ದಾಟಿತ್ತು.

ಹುಬ್ಬಳ್ಳಿ ಅಣ್ಣನ ಹತ್ತಿರ ಹೋದೆ. ‘ಆ ಸುದ್ದಿ ವಾರದಿಂದ ಪೇಪರಿನ್ಯಾಗ ಬರಾಕತ್ತಿತ್ತಲ್ಲೋ. ಏರಸ್ತಾರ ಅಂತ ಗೊತ್ತಿದ್ದವರು ಮೊದಲ ಕೊಂಡಿದ್ರು. ಇವತ್ತು ಮಾರಿ ಹೋದ್ರು’ ಅಂದರು. ರೇಟಿನಲ್ಲಿ ಇರುವುದು ನಿನ್ನೆಯ ಸುದ್ದಿ ಅಲ್ಲ, ನಾಳೆ ಏನಾಗಬಹುದು ಎಂದು ಎಲ್ಲರೂ ಅಂದುಕೊಂಡದ್ದು. ಅಂದುಕೊಂಡದ್ದೇ ಆದರೆ ರೇಟು ಕದಲುವುದಿಲ್ಲ, ಕೆಲವೊಮ್ಮೆ ಉಲ್ಟಾ ಹೋಗುತ್ತದೆ. ನನಗೆ ಪೇಪರಿನಲ್ಲಿ ಓದಿ ಗೊತ್ತಾಗುವುದು ಅಷ್ಟರಲ್ಲಾಗಲೇ ರೇಟಿನೊಳಗೆ ಸೇರಿ ಆಗಿರುತ್ತದೆ. ಅಲ್ಲದೆ 0.1 ಎಲ್ಲಿ, 5.5 ಎಲ್ಲಿ? ಕಂದಕ ಹಾಗೇ ಇತ್ತು.

ಏಪ್ರಿಲ್ 29. ಅಲ್ಲಿ ರಜೆಯ ದಿನ. ಬೆಳಗ್ಗೆ ಡಾಲರಿಗೆ 160 ಯೆನ್ ಮುಟ್ಟಿತು, 1990ರ ನಂತರ ಇಷ್ಟು ಬಿದ್ದದ್ದೇ ಇಲ್ಲ. ಮಧ್ಯಾಹ್ನ ಯೆನ್ ಇದ್ದಕ್ಕಿದ್ದ ಹಾಗೆ ಏರಿ 155ಕ್ಕೆ ಬಂತು. ಸರ್ಕಾರ ತನ್ನ ಬೊಕ್ಕಸದ ಡಾಲರ್ ಮಾರಿ ಯೆನ್ ಕೊಂಡಿದೆ ಎಂದು ಎಲ್ಲರ ಊಹೆ. ಮೇ ಕೊನೆಗೆ ಅವರೇ ಲೆಕ್ಕ ಬಿಟ್ಟರು: ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ 9.79 ಲಕ್ಷ ಕೋಟಿ ಯೆನ್. ಸರ್ಕಾರವೇ ಹಿಂದೆ ನಿಂತಿದೆ, ಇನ್ನು ಬೀಳಲು ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಮೇ ತಿಂಗಳ 40,000 ಕಳಿಸಲಿಲ್ಲ. ಜೂನಿನದೂ ಇಟ್ಟುಕೊಂಡೆ.

ಆದರೆ ಸರ್ಕಾರ ಎಷ್ಟೇ ಕೊಂಡರೂ ಅದು ಒಂದೆರಡು ದಿನದ ಕೊಳ್ಳುವಿಕೆ. ಬಡ್ಡಿಯ ಕಂದಕ ಮಾತ್ರ ದಿನಾ ಕೆಲಸ ಮಾಡುತ್ತದೆ. ಹೊಳೆಗೆ ಅಡ್ಡ ಮಣ್ಣು ಸುರಿದ ಹಾಗೆ. ಮೇ 10ರ ಸುಮಾರಿಗೆ 100 ಯೆನ್‌ಗೆ 53 ರೂಪಾಯಿ 60 ಪೈಸೆ ಇತ್ತು. ಜೂನ್ 10ಕ್ಕೆ 53.20. ಜುಲೈ 10ಕ್ಕೆ 51.70. ಅಪ್ಪಯ್ಯ ಎರಡು ತಿಂಗಳ ಬಡ್ಡಿಯನ್ನು ಅಂಗಡಿಯ ದುಡ್ಡಿನಿಂದ ಹೊಂದಿಸಿದ್ದರು. ಅವತ್ತು ಫೋನಿನಲ್ಲಿ ಅವರ ದನಿ ಸ್ವಲ್ಪ ಬೇರೆ ಇತ್ತು.

‘ಯಾಕೆ ಕಳಿಸ್ಲಿಲ್ಲ?’

‘ರೇಟು ಏರುತ್ತೆ ಅಪ್ಪಯ್ಯ. ಸ್ವಲ್ಪ ಕಾಯ್ತಿದೀನಿ.’

‘ಧಾರಣೆ ಏರತ್ತೆ ಅಂತ ಅಡಿಕೆ ಒಳಗೆ ಇಟ್ಕೊಳ್ಳೋನು ಸಾಲ ಇಲ್ದೋನು ಮಾರಾಯ. ಬಡ್ಡಿ ಕಟ್ಟೋನು ಸುಲಿದ ವಾರಕ್ಕೆ ಮಂಡಿಗೆ ಹಾಕ್ತಾನೆ. ನೀನು ಯಾವ ಲೆಕ್ಕದಲ್ಲಿ ಇಟ್ಕಂಡಿದೀಯ?’

ಆ ರಾತ್ರಿ ನೋಟ್‌ಬುಕ್ ತೆಗೆದೆ. ನನ್ನ ಯೆನ್ ಉಳಿತಾಯ ಖಾತೆಯಲ್ಲಿತ್ತು. ಅದಕ್ಕೆ ಬಡ್ಡಿ ನೂರಕ್ಕೆ 0.02. ಇಲ್ಲ ಎಂದೇ ಲೆಕ್ಕ. ಅದೇ ಹೊತ್ತಿಗೆ ಊರಿನಲ್ಲಿ ಅಷ್ಟೇ ಮೊತ್ತದ ಸಾಲಕ್ಕೆ ನಾವು 11 ಕಟ್ಟುತ್ತಿದ್ದೆವು. ಕ್ಯಾರಿ ಟ್ರೇಡಿನವನು ಬಡ್ಡಿ ಇಲ್ಲದ ಸಾಲ ತಂದು ಬಡ್ಡಿ ಬರುವ ಕಡೆ ಇಡುತ್ತಾನೆ. ನಾನು ಅದರ ಸರೀ ಉಲ್ಟಾ ಮಾಡುತ್ತಿದ್ದೆ. ದುಬಾರಿ ಬಡ್ಡಿಯ ರೂಪಾಯಿ ಸಾಲ ಹೊತ್ತುಕೊಂಡು, ಬಡ್ಡಿಯೇ ಇಲ್ಲದ ಯೆನ್ ಹಿಡಿದು ಕೂತಿದ್ದೆ. ನನಗೆ ನಷ್ಟವಾಗದಿರಲು ಯೆನ್ ಬೀಳದಿದ್ದರೆ ಸಾಲದು. ಪ್ರತಿ ತಿಂಗಳೂ ನೂರಕ್ಕೆ 0.9ರಷ್ಟು ಏರಬೇಕು. ಇವತ್ತು 53 ಇದ್ದರೆ ಮುಂದಿನ ತಿಂಗಳು 53.50, ಅದರ ಮುಂದಿನ ತಿಂಗಳು 54. ಅಷ್ಟಾದರೆ ಸಮ. ಅದಕ್ಕಿಂತ ಮೇಲೆ ಹೋದರೆ ಮಾತ್ರ ಲಾಭ.

ಮೂರೂ ತಿಂಗಳು ಸುಮ್ನೆ ಕಳಿಸಿದ್ದರೆ 21,440, 21,280, 20,680. ಒಟ್ಟು 63,400 ರೂಪಾಯಿ. ಈಗ ಒಟ್ಟಿಗೆ 1,20,000 ಯೆನ್ ಕಳಿಸಿದರೆ 62,040. ಅಲ್ಲಿಗೆ 1,360 ಹೋಯಿತು. ಕಳಿಸದೆ ಇದ್ದದ್ದರಿಂದ ಊರಿನಲ್ಲಿ ಹೆಚ್ಚಿಗೆ ಬಿದ್ದ ಬಡ್ಡಿ ಇನ್ನೂ ಸುಮಾರು 590. ಎರಡೂ ಸೇರಿ 1,950 ರೂಪಾಯಿ. ಎರಡು ಸಲದ ಶುಲ್ಕ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡರೂ ಸಾವಿರದಷ್ಟು ನಷ್ಟ. ಜುಲೈ 10ರ ರಾತ್ರಿ ಎಲ್ಲಾ ಕಳಿಸಿಬಿಟ್ಟೆ.

ಜುಲೈ 11ರ ರಾತ್ರಿ ಅಮೆರಿಕದಲ್ಲಿ ಬೆಲೆ ಏರಿಕೆಯ ಅಂಕಿ ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು. ಅದೇ ಗಳಿಗೆ ನೋಡಿಕೊಂಡು ಜಪಾನ್ ಸರ್ಕಾರ ಮತ್ತೆ ಯೆನ್ ಕೊಂಡಿತು. ಒಂದು ಗಂಟೆಯೊಳಗೆ 161ರಿಂದ 157ರ ಕಡೆಗೆ ಹಾರಿತು. ನಾನು ಕಳಿಸಿ ಒಂದು ದಿನ ಆಗಿತ್ತಷ್ಟೆ. ನಗುವುದೋ ಅಳುವುದೋ?

ಮುಂದಿನದು ಇನ್ನೂ ಚೆನ್ನ. ಜುಲೈ 31ಕ್ಕೆ ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು 0.25ಕ್ಕೆ ಏರಿಸಿತು. ಇದನ್ನು ಮಾರ್ಚಿನ ಹಾಗೆ ಎಲ್ಲರೂ ನಿರೀಕ್ಷಿಸಿರಲಿಲ್ಲ. ಆಗಸ್ಟ್ 2ಕ್ಕೆ ಅಮೆರಿಕದ ಉದ್ಯೋಗದ ಅಂಕಿ ಕೆಟ್ಟದಾಗಿ ಬಂತು, ಅಲ್ಲಿ ಬಡ್ಡಿ ಬೇಗ ಇಳಿಯುತ್ತದೆ ಎಂದಾಯಿತು. ಕಂದಕ ಎರಡೂ ಕಡೆಯಿಂದ ಮುಚ್ಚುವ ಸೂಚನೆ. ರೇಟು 150ರಿಂದ ಕೆಳಗೆ ಇಳಿಯುತ್ತಿದ್ದ ಹಾಗೆ ಆ ಮುಳ್ಳು ಚುಚ್ಚಲು ಶುರುವಾಯಿತು. ಯೆನ್ ಸಾಲ ತೆಗೆದವರೆಲ್ಲ ಒಟ್ಟಿಗೇ ಸಾಲ ತೀರಿಸಲು ಓಡಿದರು. ತೀರಿಸಲು ಯೆನ್ ಕೊಳ್ಳಬೇಕು. ಕೊಂಡಷ್ಟೂ ಯೆನ್ ಏರಿತು, ಏರಿದಷ್ಟೂ ಉಳಿದವರಿಗೆ ನಷ್ಟ, ಅವರೂ ಓಡಿದರು. ಆಗಸ್ಟ್ 5ರ ಸೋಮವಾರ ಡಾಲರಿಗೆ 142 ಯೆನ್ ಹತ್ತಿರ ಬಂತು. ಅವತ್ತು ಟೋಕಿಯೋ ಷೇರು ಪೇಟೆಯ ನಿಕ್ಕೇ ಸೂಚ್ಯಂಕ ಒಂದೇ ದಿನ 4,451 ಅಂಶ ಬಿತ್ತು, ನೂರಕ್ಕೆ 12.4. ಯೆನ್ ನಿಧಾನವಾಗಿ ಮೆಟ್ಟಿಲು ಇಳಿದದ್ದು ತಿಂಗಳುಗಟ್ಟಲೆ, ವಾಪಸ್ ಹತ್ತಿದ್ದು ನಾಲ್ಕೇ ವಾರದಲ್ಲಿ.

ಅವತ್ತು 100 ಯೆನ್‌ಗೆ 58 ರೂಪಾಯಿ 50 ಪೈಸೆ ದಾಟಿತ್ತು. ನನ್ನ ಆ 1,20,000 ಯೆನ್ ಇದ್ದಿದ್ದರೆ 70,200 ಆಗುತ್ತಿತ್ತು. 8,000 ಕೈತಪ್ಪಿತು. ಹಾಗಾದರೆ ಕಾಯುವುದೇ ಸರಿಯಿತ್ತಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಆ ಸೋಮವಾರ ಬರುತ್ತದೆ ಎಂದು ಜುಲೈ 10ಕ್ಕೆ ಗೊತ್ತಿದ್ದವರು ಯಾರು? ದಿನವಿಡೀ ಇದೇ ಕೆಲಸ ಮಾಡುವ, ಕೋಟಿಗಟ್ಟಲೆ ಹಣ ಹಾಕಿದವರೇ ತಪ್ಪು ಕಡೆ ನಿಂತು ಬಿದ್ದರು. ಪೊಖರಾದ ಹುಡುಗ ಮಾತ್ರ ಆಗಸ್ಟ್ 6ಕ್ಕೆ ಎರಡು ತಿಂಗಳದು ಒಟ್ಟಿಗೇ ಕಳಿಸಿ ನಗುನಗುತ್ತಾ ಬಂದ. ‘ಹೇಗೆ ಗೊತ್ತಾಯ್ತು?’ ಎಂದು ಕೇಳಿದೆ. ಅವನಿಗೆ ಏನೂ ಗೊತ್ತಿರಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಜುಲೈಯಲ್ಲಿ ಕಳಿಸುವುದನ್ನೇ ಮರೆತಿದ್ದ.

ಅದಾದ ಮೇಲೆ ಕೂತು ಒಂದೇ ಒಂದು ಲೆಕ್ಕ ಮಾಡಿದೆ. ಯೆನ್ ಏರುತ್ತದೋ ಇಳಿಯುತ್ತದೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಎರಡು: ಪ್ರತಿ ಸಲದ ಶುಲ್ಕ 900 ಯೆನ್, ಅಂದರೆ ಸುಮಾರು 480 ರೂಪಾಯಿ. ಒಂದು ತಿಂಗಳ ಹಣವನ್ನು ಒಂದು ತಿಂಗಳು ತಡೆದರೆ ಊರಿನಲ್ಲಿ ಬೀಳುವ ಬಡ್ಡಿ ಸುಮಾರು 195 ರೂಪಾಯಿ. ಎರಡು ತಿಂಗಳದು ಸೇರಿಸಿ ಕಳಿಸಿದರೆ ಒಂದು ಶುಲ್ಕ ಉಳಿಯುತ್ತದೆ, ಒಂದು ತಿಂಗಳ ಬಡ್ಡಿ ಬೀಳುತ್ತದೆ. 285 ರೂಪಾಯಿ ಲಾಭ. ಮೂರು ತಿಂಗಳದು ಸೇರಿಸಿದರೆ ಲಾಭ 375, ಆದರೆ ತಿಂಗಳಿಗೆ ಹಂಚಿದರೆ ಎರಡು ತಿಂಗಳದ್ದೇ ಸ್ವಲ್ಪ ಮೇಲು. ನಾಲ್ಕಕ್ಕೆ ಹೋದರೆ ಬಡ್ಡಿಯೇ ಹೆಚ್ಚಿನದನ್ನು ತಿನ್ನುತ್ತದೆ. ಹಣ ಕೂಡಿಸಿಡುವುದು ತಪ್ಪಲ್ಲ, ಆದರೆ ಅದು ಶುಲ್ಕದ ಲೆಕ್ಕಕ್ಕೆ. ರೇಟಿನ ಆಸೆಗೆ ಅಲ್ಲ. ಬಡ್ಡಿ ಕಡಿಮೆ ಇರುವವರಿಗೆ, ಶುಲ್ಕ ಹೆಚ್ಚಿರುವವರಿಗೆ ಉತ್ತರ ಬೇರೆ ಬರುತ್ತದೆ. ಸಾಲವೇ ಇಲ್ಲದವರಿಗೆ ಅಪ್ಪಯ್ಯನ ಮಾತೇ ಅನ್ವಯಿಸುತ್ತದೆ, ಅವರು ಬೇಕಾದಷ್ಟು ದಿನ ಅಡಿಕೆ ಒಳಗೆ ಇಟ್ಟುಕೊಳ್ಳಬಹುದು.

ಎರಡು ತಿಂಗಳಿಗೊಮ್ಮೆ, 5ನೇ ತಾರೀಖು, ಬೆಳಗ್ಗೆ. ರೇಟು ಏನೇ ಇರಲಿ. ಅಂಗಡಿಯಿಂದ ನಡುವಿನ ತಿಂಗಳ ಬಡ್ಡಿ ಹೊಂದಿಸುವುದಾಗಿ ಅಪ್ಪಯ್ಯ ಒಪ್ಪಿದರು. ಈ ಸಲ ಯಾವಾಗ ಬರುತ್ತದೆ ಎಂದು ಅವರಿಗೂ ಮೊದಲೇ ಗೊತ್ತಿತ್ತಲ್ಲ.

ಸೆಪ್ಟೆಂಬರ್ 5ಕ್ಕೆ 80,000 ಯೆನ್ ಕಳಿಸಿದೆ. ನಡುವಿನ ರೇಟು 58 ರೂಪಾಯಿ 50 ಪೈಸೆ. ಶುಲ್ಕ ಎಲ್ಲಾ ಕಳೆದು ಅಪ್ಪಯ್ಯನ ಖಾತೆಗೆ 46,000 ರೂಪಾಯಿಗೆ ಸ್ವಲ್ಪ ಕಡಿಮೆ ಬಂತು. ಹನ್ನೊಂದು ದಿನದ ಮೇಲೆ, 16ಕ್ಕೆ, ಡಾಲರಿಗೆ 140 ಯೆನ್‌ಗಿಂತಲೂ ಕೆಳಗೆ ಬಂದು, 100 ಯೆನ್‌ಗೆ 60 ರೂಪಾಯಿ ಆಯಿತು. ಅವತ್ತು ಅಡುಗೆಮನೆಯಲ್ಲಿ ಪೊಖರಾದ ಹುಡುಗ ಹೇಳಿದಾಗಲೇ ನನಗೆ ಗೊತ್ತಾದದ್ದು.

ಆ್ಯಪಿನಲ್ಲಿ ಇಟ್ಟಿದ್ದ ರೇಟಿನ ಅಲರ್ಟುಗಳನ್ನೆಲ್ಲ ತೆಗೆದುಬಿಟ್ಟೆ. ಒಂದನ್ನು ಮಾತ್ರ ಬಿಟ್ಟಿದ್ದೇನೆ, 70 ರೂಪಾಯಿಗೆ ಇಟ್ಟದ್ದು. ಅದು ಇನ್ನೂ ಒಂದು ಸಲವೂ ಸದ್ದು ಮಾಡಿಲ್ಲ.